ತೆರೆದ ಬಾವಿಯಲ್ಲಿ ಎಷ್ಟು ಲೀಟರ್ ನೀರಿದೆ? ವ್ಯಾಸ ಮತ್ತು ನೀರಿನ ಆಳ ಅಳೆದು ಲೆಕ್ಕ ಹಾಕುವ ಕ್ರಮ

ಗೋವಾದ ಫೋಂಡಾ ಬಳಿ ಒಂದೇ ಅಂಗಳದ ಸುತ್ತ ಬಾಡಿಗೆಗಿರುವ ಕೆಲವು ಕನ್ನಡ ಮನೆಗಳಿಗೆ ಸೇರಿ ಒಂದು ಹಳೆಯ ಮುರಕಲ್ಲಿನ ಬಾವಿ ಇದೆ. ಮಳೆಗಾಲ ಮುಗಿದ ಮೇಲೆ ಅದಕ್ಕೆ ಬ್ಲೀಚಿಂಗ್ ಪೌಡರ್ ಹಾಕಬೇಕೆಂದು ಮೂವರು ಬೇರೆ ಬೇರೆಯಾಗಿ ನೀರನ್ನು ಲೆಕ್ಕ ಹಾಕಿದರು. ಒಬ್ಬರಿಗೆ 72,000 ಲೀಟರ್ ಬಂತು, ಇನ್ನೊಬ್ಬರಿಗೆ 55,000, ಮತ್ತೊಬ್ಬರಿಗೆ 27,000. ಮೂರೂ ಕಾಗದಗಳನ್ನು ನಾನು ನೋಡಿದೆ. ಮೂವರ ಗುಣಾಕಾರವೂ ಸರಿಯಾಗಿತ್ತು. ಆದರೆ ಬಾವಿಯಲ್ಲಿ ಆ ದಿನ ಇದ್ದ ನೀರು ಸುಮಾರು 14,200 ಲೀಟರ್ ಮಾತ್ರ.

ಈ ಲೆಕ್ಕ ಕೆಡುವುದು ಸೂತ್ರದಲ್ಲಲ್ಲ, ಬಾವಿಕಟ್ಟೆಯ ಬಳಿ ಟೇಪು ಹಿಡಿಯುವಾಗ. ಆದ್ದರಿಂದ ಇಲ್ಲಿ ಅಳತೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಗಣಿತಕ್ಕೆ ಕಡಿಮೆ. ಉದಾಹರಣೆಗೆ ಮೊದಲಿನಿಂದ ಕೊನೆಯವರೆಗೂ ಅದೇ ಬಾವಿಯನ್ನು ಇಟ್ಟುಕೊಂಡಿದ್ದೇನೆ.

## ಹಂತ 1: ಸಲಕರಣೆ ಜೋಡಿಸಿಕೊಳ್ಳುವುದು

ಬೇಕಾಗುವುದು 15 ಮೀಟರಿನ ಒಂದು ಫೈಬರ್ ಟೇಪು, ಅರ್ಧ ಕಿಲೋದಷ್ಟಿರುವ ಚಪ್ಪಟೆ ತಳದ ಒಂದು ತೂಕ, ಕಟ್ಟೆಯ ಮೇಲೆ ಅಡ್ಡಲಾಗಿ ಇಡಲು ನೆಟ್ಟಗಿರುವ ಒಂದು ಬಿದಿರು ಅಥವಾ ಅಲ್ಯೂಮಿನಿಯಂ ಪಟ್ಟಿ, ಸೀಮೆಸುಣ್ಣ ಮತ್ತು ಬೆಳಕು ದೂರಕ್ಕೆ ಬೀಳುವ ಒಂದು ಟಾರ್ಚು. ನೀರಿಗಿಳಿಯುವ ತೂಕವನ್ನೂ ಟೇಪನ್ನೂ ಮೊದಲು ಸೋಪು ಹಾಕಿ ತೊಳೆದಿಡಬೇಕು, ಏಕೆಂದರೆ ಅದು ಕುಡಿಯುವ ನೀರು.

ತೂಕದ ತಳ ಚಪ್ಪಟೆಯಾಗಿರಬೇಕೆಂಬುದಕ್ಕೆ ಕಾರಣವಿದೆ. ಮೇಸ್ತ್ರಿಯ ಚೂಪಾದ ತೂಗುಗುಂಡನ್ನು ಕಟ್ಟಿದರೆ ಅದು ತಳದ ಹೂಳಿನೊಳಗೆ ಗೇಣುದ್ದ ಇಳಿದುಬಿಡುತ್ತದೆ, ಆಗ ನೀವು ಕೆಸರನ್ನೂ ನೀರೆಂದು ಎಣಿಸುತ್ತೀರಿ. ಇನ್ನು ಸೇದುವ ಹಗ್ಗದಿಂದಲೇ ಅಳೆಯುವ ರೂಢಿಯನ್ನು ಬಿಡುವುದು ಒಳ್ಳೆಯದು. ನೈಲಾನ್ ಹಗ್ಗ ಭಾರಕ್ಕೆ ಹಿಗ್ಗುತ್ತದೆ. ಹತ್ತಿಯ ಹಗ್ಗವೂ ತೆಂಗಿನ ನಾರಿನ ಹಗ್ಗವೂ ನೀರನ್ನು ಮೇಲಕ್ಕೆ ಹೀರಿಕೊಳ್ಳುವುದರಿಂದ ಒದ್ದೆಯಾದ ಭಾಗ ನಿಜವಾದ ಆಳಕ್ಕಿಂತ ಉದ್ದವಾಗಿ ಕಾಣುತ್ತದೆ.

ತೂಕವನ್ನು ಟೇಪಿಗೆ ಕಟ್ಟಿದ ಮೇಲೆ ತೂಕದ ತಳದಿಂದ ಟೇಪಿನ ಸೊನ್ನೆಯ ಗೆರೆಯವರೆಗೆ ಎಷ್ಟಿದೆ ಎಂದು ಅಳೆದು ಬರೆದಿಟ್ಟುಕೊಳ್ಳಬೇಕು. ಇದು ಸಾಮಾನ್ಯವಾಗಿ 8ರಿಂದ 12 ಸೆಂಟಿಮೀಟರ್ ಇರುತ್ತದೆ. ಪ್ರತಿ ಆಳದ ಅಳತೆಗೂ ಇದನ್ನು ಕೂಡಿಸಬೇಕು. ಮುಂದೆ ಕೊಟ್ಟಿರುವ ಅಂಕಿಗಳಲ್ಲಿ ಇದು ಸೇರಿದೆ.

ಎಚ್ಚರಿಕೆ: ಈ ಕೆಲಸದ ಯಾವ ಹಂತಕ್ಕೂ ಬಾವಿಗೆ ಇಳಿಯಬೇಕಾಗಿಲ್ಲ, ಇಳಿಯಲೂಬಾರದು. ಬಹಳ ದಿನ ಮುಚ್ಚಿದ್ದ ಬಾವಿಯೊಳಗೆ ಉಸಿರಾಟಕ್ಕೆ ಬೇಕಾದ ಗಾಳಿ ಇರದಿರಬಹುದು, ಮೇಲಿನಿಂದ ನೋಡಿದರೆ ಅದು ತಿಳಿಯುವುದಿಲ್ಲ. ಇಬ್ಬರಿದ್ದು ಅಳೆಯಬೇಕು. ಮೋಟಾರಿನ ಸ್ವಿಚ್ಚನ್ನು ಆರಿಸಿದ ಮೇಲೆಯೇ ಟೇಪು ಬಿಡಬೇಕು.

## ಹಂತ 2: ಹೊತ್ತು ಆರಿಸುವುದು

ಬೆಳಗ್ಗೆ ಮೊದಲ ಕೊಡ ಸೇದುವ ಮುನ್ನ ಅಳೆಯಬೇಕು. ಮೋಟಾರು ಓಡಿದ ಮೇಲೆ ಇಳಿದ ನೀರು ಒರತೆಯಿಂದ ಮತ್ತೆ ನಿಧಾನವಾಗಿ ಏರುತ್ತಿರುತ್ತದೆ, ಆ ನಡುವೆ ತೆಗೆದ ಅಳತೆ ಯಾವ ಲೆಕ್ಕಕ್ಕೂ ಬಾರದು. ಹದಿನೈದು ನಿಮಿಷದ ಅಂತರದಲ್ಲಿ ಎರಡು ಸಲ ನೀರಿನ ಮಟ್ಟ ನೋಡಿ, ಅವು ಒಂದೇ ಆಗಿದ್ದರೆ ನೀರು ನಿಂತಿದೆ ಎಂದು ತಿಳಿಯಬಹುದು.

## ಹಂತ 3: ಒಳವ್ಯಾಸ ಅಳೆಯುವುದು

ಸೂತ್ರಕ್ಕೆ ಬೇಕಾದದ್ದು ನೀರು ನಿಂತಿರುವ ಜಾಗದ ಅಗಲ, ಕಟ್ಟೆಯ ಅಗಲವಲ್ಲ. ಫೋಂಡಾದ ಬಾವಿಯಲ್ಲಿ ಕಟ್ಟೆಯ ಹೊರಅಂಚಿನಿಂದ ಹೊರಅಂಚಿಗೆ 3.30 ಮೀಟರ್ ಇದೆ. ಕಟ್ಟೆಯ ಗೋಡೆ ಎರಡೂ ಕಡೆ 30 ಸೆಂಟಿಮೀಟರ್ ದಪ್ಪ. ಎಂದರೆ ಒಳವ್ಯಾಸ 2.70 ಮೀಟರ್. 27,000 ಲೀಟರ್ ಎಂದವರು 3.30 ಹಿಡಿದಿದ್ದರು. ಅರುವತ್ತು ಸೆಂಟಿಮೀಟರಿನ ವ್ಯತ್ಯಾಸಕ್ಕೆ ನೀರು ಅರ್ಧದಷ್ಟು ಹೆಚ್ಚಾಗಿಬಿಟ್ಟಿತು, ಏಕೆಂದರೆ ವ್ಯಾಸವು ಲೆಕ್ಕದಲ್ಲಿ ಎರಡು ಸಲ ಗುಣಿಸಲ್ಪಡುತ್ತದೆ.

ಅಡ್ಡಪಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಟೇಪಿನ ಒಂದು ತುದಿಯನ್ನು ಒಳಅಂಚಿನ ಒಂದೇ ಬಿಂದುವಿನಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ತುದಿಯನ್ನು ಎದುರಿನ ಒಳಅಂಚಿನ ಮೇಲೆ ಆಚೀಚೆ ಸರಿಸಬೇಕು. ಆಗ ಬರುವ ಅತಿ ದೊಡ್ಡ ಅಳತೆಯೇ ವ್ಯಾಸ. ಅದಕ್ಕಿಂತ ಚಿಕ್ಕದು ಬಂದರೆ ಟೇಪು ನಡುಬಿಂದುವನ್ನು ಹಾಯುತ್ತಿಲ್ಲ ಎಂದರ್ಥ. ಹೀಗೆ ಪೂರ್ವ-ಪಶ್ಚಿಮಕ್ಕೊಂದು, ಉತ್ತರ-ದಕ್ಷಿಣಕ್ಕೊಂದು ಅಳತೆ ತೆಗೆಯಬೇಕು. ಕೈಯಿಂದ ತೋಡಿದ ಬಾವಿಗಳು ಪೂರ್ತಿ ದುಂಡಗಿರುವುದು ಅಪರೂಪ. ಎರಡು ಅಳತೆಗಳು ಬೇರೆಯಾದರೆ ಸೂತ್ರದಲ್ಲಿ "ವ್ಯಾಸ × ವ್ಯಾಸ" ಎಂಬಲ್ಲಿ ಆ ಎರಡನ್ನೂ ಒಂದಕ್ಕೊಂದು ಗುಣಿಸಿದರೆ ಸಾಕು, ಮೊಟ್ಟೆಯಾಕಾರದ ಬಾವಿಗೂ ಲೆಕ್ಕ ಸರಿಹೋಗುತ್ತದೆ.

ಕಟ್ಟೆಯ ಮೇಲೆ ಜಾಲರಿ ಬಿಗಿದಿದ್ದು ಒಳಗೆ ಕೈ ಹೋಗದಿದ್ದರೆ ಹೊರಸುತ್ತಳತೆಯಿಂದ ಬರಬಹುದು. ಕಟ್ಟೆಯ ಸುತ್ತ ಟೇಪು ಸುತ್ತಿ ಬಂದ ಅಳತೆಯನ್ನು 3.14ರಿಂದ ಭಾಗಿಸಿದರೆ ಹೊರವ್ಯಾಸ ಸಿಗುತ್ತದೆ. ಅದರಿಂದ ಗೋಡೆಯ ದಪ್ಪವನ್ನು ಎರಡು ಸಲ ಕಳೆಯಬೇಕು. ಒಂದೇ ಸಲ ಕಳೆಯುವವರೇ ಹೆಚ್ಚು, ಗಮನವಿರಲಿ.

ಇಷ್ಟಾದರೂ ಒಂದು ಸಂಶಯ ಉಳಿಯುತ್ತದೆ. ಕಟ್ಟೆಯ ಒಳಮುಖವೂ ಕೆಳಗಿನ ಬಾವಿಯ ಗೋಡೆಯೂ ಒಂದೇ ನೇರದಲ್ಲಿವೆಯೇ? ಹಳೆಯ ಬಾವಿಗೆ ಆಮೇಲೆ ಕಟ್ಟೆ ಕಟ್ಟಿದಲ್ಲಿ ಎಷ್ಟೋ ಸಲ ಅವು ಹೊಂದುವುದಿಲ್ಲ. ತೂಕವನ್ನು ಕಟ್ಟೆಯ ಒಳಮುಖಕ್ಕೆ ತಾಗಿಸಿ ನೀರಿನವರೆಗೆ ಇಳಿಬಿಟ್ಟು ಟಾರ್ಚು ಹಾಕಿ ನೋಡಬೇಕು. ಟೇಪಿಗೂ ಗೋಡೆಗೂ ನಡುವೆ ಕೆಳಗೆ ಅಂತರ ಕಂಡರೆ ಬಾವಿ ಅಷ್ಟು ಅಗಲವಾಗಿದೆ, ತೂಕ ನಡುವೆಯೇ ಗೋಡೆಗೆ ತಾಗಿ ನಿಂತರೆ ಕಿರಿದಾಗಿದೆ. ಎದುರುಬದುರಾಗಿ ಎರಡೂ ಕಡೆ ನೋಡಿ ಆ ಅಂತರಗಳನ್ನು ಕೂಡಿಸಬೇಕು ಅಥವಾ ಕಳೆಯಬೇಕು. ಫೋಂಡಾದ ಬಾವಿಯಲ್ಲಿ ಟೇಪು ನೀರಿನವರೆಗೂ ಗೋಡೆಗೆ ಹೊಂದಿಕೊಂಡೇ ಇಳಿಯಿತು, ಹಾಗಾಗಿ 2.70 ಉಳಿಯಿತು.

## ಹಂತ 4: ನೀರಿನ ಆಳ ಅಳೆಯುವುದು

ನೀರಿನ ಆಳವೆಂದರೆ ಬಾವಿಯ ಆಳವಲ್ಲ. 55,000 ಲೀಟರ್ ಎಂದವರು ಕಟ್ಟೆಯಿಂದ ತಳದವರೆಗಿನ 9.60 ಮೀಟರನ್ನು ಸೂತ್ರಕ್ಕೆ ಹಾಕಿದ್ದರು. ಅದರಲ್ಲಿ ಮೇಲಿನ ಆರೂವರೆ ಮೀಟರಿನಷ್ಟು ಬರೀ ಗಾಳಿ.

ಎರಡು ಅಳತೆಗಳು ಬೇಕು, ಎರಡನ್ನೂ ಕಟ್ಟೆಯ ಅದೇ ಮಟ್ಟದಿಂದ ತೆಗೆಯಬೇಕು. ಕಟ್ಟೆಯ ಅಂಚು ಎಲ್ಲ ಕಡೆ ಸಮವಾಗಿರುವುದಿಲ್ಲವಾದ್ದರಿಂದ ಅಡ್ಡಪಟ್ಟಿಯನ್ನು ಒಂದು ಕಡೆ ಇಟ್ಟು, ಅದರ ಕೆಳಅಂಚನ್ನೇ ಆಧಾರವೆಂದು ಹಿಡಿದು, ಅದಿರುವ ಜಾಗವನ್ನು ಕಟ್ಟೆಯ ಮೇಲೆ ಬಣ್ಣದಿಂದ ಗುರುತು ಮಾಡಿಡುವುದು ಒಳ್ಳೆಯದು. ಮುಂದಿನ ತಿಂಗಳು ಅಳೆಯುವಾಗಲೂ ಅದೇ ಗುರುತು ಬೇಕಾಗುತ್ತದೆ.

ಮೊದಲು ತೂಕ ತಳಕ್ಕೆ ತಾಗುವವರೆಗೆ ನಿಧಾನವಾಗಿ ಇಳಿಸಬೇಕು. ತಾಗಿದೊಡನೆ ಟೇಪು ಸಡಿಲವಾಗುತ್ತದೆ. ಎರಡು ಬೆರಳಷ್ಟು ಮೇಲೆತ್ತಿ ಮತ್ತೆ ಬಿಟ್ಟು, ಸಡಿಲವಾಗುವ ಆ ಕ್ಷಣವನ್ನು ಕೈಗೆ ಗೊತ್ತುಮಾಡಿಕೊಂಡು, ಪಟ್ಟಿಯ ಅಂಚಿನಲ್ಲಿ ಟೇಪು ಎಷ್ಟು ತೋರಿಸುತ್ತದೆ ಎಂದು ಬರೆದುಕೊಳ್ಳಬೇಕು. ಎರಡನೆಯದು ನೀರಿನ ಮೇಲ್ಮೈ. ಇದಕ್ಕೆ ಟೇಪಿನಲ್ಲಿ ನೀರು ತಾಗಬಹುದಾದ ಒಂದು ಮೀಟರಿನಷ್ಟು ಭಾಗಕ್ಕೆ ಸೀಮೆಸುಣ್ಣ ಸವರಿ, ಒಣಗಿದ ಟೇಪನ್ನು ತಳದವರೆಗೆ ಇಳಿಸಿ ಮೇಲೆಳೆದರೆ, ಸುಣ್ಣದ ಬಣ್ಣ ಬದಲಾದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ತೂಕದ ತಳದಿಂದ ಆ ಗೆರೆಯವರೆಗಿನ ಉದ್ದವೇ ನೀರಿನ ಆಳ. ಒಟ್ಟು ಆಳದಿಂದ ಅದನ್ನು ಕಳೆದರೆ ಪಟ್ಟಿಯಿಂದ ನೀರಿನವರೆಗಿನ ದೂರ ಸಿಗುತ್ತದೆ.

ಫೋಂಡಾದಲ್ಲಿ ನಡುಬಾವಿಯ ಅಳತೆಗಳು ಹೀಗಿದ್ದವು: ತಳದವರೆಗೆ 9.60 ಮೀಟರ್, ನೀರಿನವರೆಗೆ 6.45, ಹಾಗಾಗಿ ನೀರಿನ ಆಳ 3.15 ಮೀಟರ್.

## ಹಂತ 5: ತಳದ ಆಕಾರ ಹುಡುಕುವುದು

ಇದನ್ನು ಮೂವರೂ ಬಿಟ್ಟಿದ್ದರು. ಆಳವನ್ನು ಒಂದೇ ಜಾಗದಲ್ಲಿ ಅಳೆದು ನಿಲ್ಲಿಸಬಾರದು. ಅಡ್ಡಪಟ್ಟಿಯ ಉದ್ದಕ್ಕೂ ತೂಕವನ್ನು ಸರಿಸುತ್ತ ಗೋಡೆಯ ಬಳಿ, ನಡುವೆ, ಎದುರಿನ ಗೋಡೆಯ ಬಳಿ, ಹೀಗೆ ಕನಿಷ್ಠ ಐದು ಕಡೆ ತಳವನ್ನು ಮುಟ್ಟಿ ನೋಡಬೇಕು. ಅಳತೆಗಳಲ್ಲಿ ಹತ್ತು ಸೆಂಟಿಮೀಟರಿನ ಒಳಗಿನ ಏರುಪೇರು ಇದ್ದರೆ ತಳ ಒರಟಾಗಿದೆಯಷ್ಟೆ, ಸರಾಸರಿ ಹಿಡಿದರಾಯಿತು. ಒಮ್ಮೆಲೇ ದೊಡ್ಡ ನೆಗೆತ ಕಂಡರೆ ಬಾವಿಯಲ್ಲಿ ಮೆಟ್ಟಿಲಿದೆ.

ಇಲ್ಲಿ ಗೋಡೆಯ ಬಳಿ ತೂಕ 8.40 ಮೀಟರಿಗೇ ನಿಂತಿತು. ಪಟ್ಟಿಯ ಮೇಲೆ ಒಳಕ್ಕೆ ಸರಿಸುತ್ತ ಬಂದಾಗ ಗೋಡೆಯಿಂದ 45 ಸೆಂಟಿಮೀಟರ್ ದಾಟಿದೊಡನೆ ಅದು ಜಾರಿ 9.60ಕ್ಕೆ ಇಳಿಯಿತು. ಎದುರು ಕಡೆಯೂ ಹಾಗೆಯೇ ಆಯಿತು. ಒಂದು ಬೇಸಿಗೆಯಲ್ಲಿ ನೀರು ಬತ್ತಿದಾಗ ತಳವನ್ನು ಇನ್ನಷ್ಟು ತೋಡಿ, ಗೋಡೆ ಕುಸಿಯದಿರಲೆಂದು ಅಗಲ ಕಡಿಮೆ ಮಾಡಿದ್ದಾರೆ. ಮೇಲಿನಿಂದ ನೋಡಿದವರಿಗೆ ಇದು ಕಾಣುವಂತಿಲ್ಲ, ಮನೆಯ ಮಾಲೀಕರಿಗೂ ನೆನಪಿರಲಿಲ್ಲ.

ಎಂದರೆ ಇದು ಒಂದರ ಕೆಳಗೊಂದು ಇರುವ ಎರಡು ಬಾವಿ. ಮೇಲಿನದರ ವ್ಯಾಸ 2.70 ಮೀಟರ್, ಅದರಲ್ಲಿ ನೀರು 6.45ರಿಂದ 8.40ರವರೆಗೆ, 1.95 ಮೀಟರ್. ಕೆಳಗಿನದರ ವ್ಯಾಸ ಎರಡೂ ಕಡೆಯ 45 ಸೆಂಟಿಮೀಟರ್ ಕಳೆದು 1.80 ಮೀಟರ್, ನೀರು 8.40ರಿಂದ 9.60ರವರೆಗೆ, 1.20 ಮೀಟರ್.

## ಹಂತ 6: ಲೆಕ್ಕ ಹಾಕುವುದು

ಸೂತ್ರ ಒಂದೇ ಸಾಲಿನದು. ಎಲ್ಲ ಅಳತೆಗಳು ಮೀಟರಿನಲ್ಲಿರಬೇಕು.

ನೀರು (ಘನ ಮೀಟರ್) = 0.785 × ವ್ಯಾಸ × ವ್ಯಾಸ × ನೀರಿನ ಆಳ

ಬಂದದ್ದನ್ನು 1,000ದಿಂದ ಗುಣಿಸಿದರೆ ಲೀಟರ್. ಇಲ್ಲಿರುವ 0.785 ಎಂಬುದು 3.14ರ ಕಾಲುಭಾಗ. ಶಾಲೆಯಲ್ಲಿ ಕಲಿತ ಸೂತ್ರದಲ್ಲಿ 3.14ರ ಜೊತೆ ತ್ರಿಜ್ಯ ಬರುತ್ತದೆ, ಎಂದರೆ ವ್ಯಾಸದ ಅರ್ಧ. 72,000 ಲೀಟರ್ ಬಂದವರು 3.14 ಹಿಡಿದು, ತ್ರಿಜ್ಯದ ಜಾಗದಲ್ಲಿ 2.70 ಹಾಕಿದ್ದರು, ಮೆಟ್ಟಿಲನ್ನು ಗಮನಿಸದಿದ್ದರೂ ಬರಬೇಕಾಗಿದ್ದ 18,000ಕ್ಕಿಂತ ಉತ್ತರ ಸರಿಯಾಗಿ ನಾಲ್ಕು ಪಟ್ಟಾಯಿತು. ಬಾವಿಯ ನಡುಬಿಂದುವಿನಿಂದ ಯಾರೂ ಅಳೆಯುವುದಿಲ್ಲವಾದ್ದರಿಂದ ತ್ರಿಜ್ಯವನ್ನು ಮರೆತು 0.785ನ್ನೇ ನೆನಪಿಡುವುದು ಕ್ಷೇಮವೆಂದು ನನ್ನ ಅಭಿಪ್ರಾಯ.

ಮೇಲಿನ ಭಾಗ: 0.785 × 2.70 × 2.70 × 1.95 ಎಂದರೆ ಸುಮಾರು 11.16 ಘನ ಮೀಟರ್. ಕೆಳಗಿನ ಭಾಗ: 0.785 × 1.80 × 1.80 × 1.20 ಎಂದರೆ ಸುಮಾರು 3.05 ಘನ ಮೀಟರ್. ಒಟ್ಟು 14.21 ಘನ ಮೀಟರ್, ಸುಮಾರು 14,200 ಲೀಟರ್. ಮೆಟ್ಟಿಲನ್ನು ಗಮನಿಸದೆ 2.70 ಮತ್ತು 3.15ನ್ನೇ ಹಾಕಿದ್ದರೆ 18,000 ಬರುತ್ತಿತ್ತು.

ಅಡಿಯಲ್ಲಿ ಅಳೆದವರು ವ್ಯಾಸ × ವ್ಯಾಸ × ಆಳ × 22.2 ಎಂದು ಗುಣಿಸಿದರೆ ನೇರವಾಗಿ ಲೀಟರ್ ಸಿಗುತ್ತದೆ. ಆದರೆ 8 ಅಡಿ 10 ಇಂಚನ್ನು 8.10 ಎಂದು ಬರೆಯಬಾರದು. ಇಂಚನ್ನು 12ರಿಂದ ಭಾಗಿಸಬೇಕು, ಆಗ ಅದು 8.83 ಅಡಿ.

ಎಷ್ಟು ನಿಖರತೆ ಬೇಕು ಎಂಬ ಪ್ರಶ್ನೆಯೂ ಬರುತ್ತದೆ. ಈ ಬಾವಿಯಲ್ಲಿ ಮೇಲಿನ ವ್ಯಾಸವನ್ನು 5 ಸೆಂಟಿಮೀಟರ್ ತಪ್ಪಿ ಅಳೆದರೆ ಆ ಭಾಗದ ನೀರಿನ ಲೆಕ್ಕ ಶೇಕಡಾ 4ರ ಹತ್ತಿರ ತಪ್ಪುತ್ತದೆ. ಮನೆಬಳಕೆಯ ಲೆಕ್ಕಕ್ಕೆ ಅದು ನಡೆಯುತ್ತದೆ. ಆದ್ದರಿಂದ 14,211 ಲೀಟರ್ ಎಂದು ಬರೆಯುವುದರಲ್ಲಿ ಹುರುಳಿಲ್ಲ.

## ಹಂತ 7: ಟ್ಯಾಂಕಿನಿಂದ ತಾಳೆ ನೋಡುವುದು

ನಿಮ್ಮ ವ್ಯಾಸ ಸರಿಯಿದೆಯೇ ಎಂದು ಬಾವಿಯೇ ಹೇಳುತ್ತದೆ. ಮೇಲಿನ ಭಾಗದಲ್ಲಿ ನೀರಿನ ಹರವು 0.785 × 2.70 × 2.70, ಎಂದರೆ 5.72 ಚದರ ಮೀಟರ್. ಹಾಗಾಗಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 57 ಲೀಟರ್ ಹೋಯಿತು ಎಂದರ್ಥ. ಖಾಲಿ ಇರುವ 1,000 ಲೀಟರಿನ ಟ್ಯಾಂಕನ್ನು ಪೂರ್ತಿ ತುಂಬಿಸಿದರೆ ಮಟ್ಟ 17.5 ಸೆಂಟಿಮೀಟರ್ ಇಳಿಯಬೇಕು.

ಇಲ್ಲಿ ಟ್ಯಾಂಕು ತುಂಬಲು 20 ನಿಮಿಷ ಹಿಡಿಯಿತು, ಮಟ್ಟ ಇಳಿದದ್ದು 15 ಸೆಂಟಿಮೀಟರ್ ಮಾತ್ರ. ಉಳಿದದ್ದನ್ನು ಒರತೆ ತುಂಬಿದೆ. ಅದನ್ನು ತಿಳಿಯಲು ಮೋಟಾರು ನಿಲ್ಲಿಸಿ ಮುಂದಿನ 20 ನಿಮಿಷ ಯಾರೂ ಸೇದದಂತೆ ನೋಡಿಕೊಂಡಾಗ ನೀರು 3 ಸೆಂಟಿಮೀಟರ್ ಏರಿತು. 15 ಮತ್ತು 3 ಸೇರಿ 18, ನಿರೀಕ್ಷೆಯ 17.5ಕ್ಕೆ ಅರ್ಧ ಸೆಂಟಿಮೀಟರ್ ಮಾತ್ರ ಹೆಚ್ಚು. ವ್ಯಾಸ ಸರಿಯಿದೆ.

ಇದರ ಬದಲು ಮಟ್ಟ 24 ಸೆಂಟಿಮೀಟರ್ ಇಳಿದಿದ್ದರೆ? ಆಗ ಬಾವಿ ನೀವು ಅಳೆದುದಕ್ಕಿಂತ ಕಿರಿದಾಗಿದೆ. ನೀರಿನ ಕೆಳಗೆ ಗೋಡೆ ಒಳಕ್ಕೆ ಬಂದಿರಬಹುದು, ಇಲ್ಲವೇ ನೀವು ಕಟ್ಟೆಯ ಹೊರವ್ಯಾಸವನ್ನೇ ಹಿಡಿದಿರಬಹುದು. ಮೂರನೆಯ ಹಂತಕ್ಕೆ ಹಿಂದಿರುಗಬೇಕು. ಮಟ್ಟದ ಇಳಿತ ತೀರ ಕಡಿಮೆಯಿದ್ದು, ಮೋಟಾರು ನಿಂತ ಮೇಲೆ ಏರಿಕೆಯೂ ಕಾಣದಿದ್ದರೆ ಬಾವಿ ಕೆಳಗೆ ಅಗಲವಾಗಿದೆ ಅಥವಾ ಟ್ಯಾಂಕು ಪೂರ್ತಿ ಖಾಲಿಯಿರಲಿಲ್ಲ.

## ಹಂತ 8: ಬಂದ ಅಂಕಿಯನ್ನು ಬಳಸುವುದು

ಬ್ಲೀಚಿಂಗ್ ಪೌಡರಿಗೆ ಒಟ್ಟು ನೀರನ್ನೇ ಹಿಡಿಯಬೇಕು. ಸಾರ್ವಜನಿಕ ಆರೋಗ್ಯದ ಪಠ್ಯಗಳಲ್ಲಿ ಕೊಡುವ ಸ್ಥೂಲ ಲೆಕ್ಕದಂತೆ, ಶೇಕಡಾ 33ರಷ್ಟು ಕ್ಲೋರಿನ್ ಇರುವ ಒಳ್ಳೆಯ ಪೌಡರು 1,000 ಲೀಟರ್ ನೀರಿಗೆ 2.5 ಗ್ರಾಂ ಬೇಕು. ನೀರು ಕದಡಿದ್ದರೆ ಹೆಚ್ಚು ಬೇಕಾಗುತ್ತದೆ. 14,200 ಲೀಟರಿಗೆ ಸುಮಾರು 35 ಗ್ರಾಂ. 72,000 ಎಂಬ ಲೆಕ್ಕ ಹಿಡಿದಿದ್ದರೆ 180 ಗ್ರಾಂ ಸುರಿದು, ಆ ಅಂಗಳದವರು ದಿನಗಟ್ಟಲೆ ಬಾಯಿಗಿಡಲಾಗದ ನೀರು ಸೇದಬೇಕಾಗುತ್ತಿತ್ತು. ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿಯಲು ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು ಕಲಕಬೇಕು. ಒಂದು ಗಂಟೆ ಯಾರೂ ಸೇದಬಾರದು.

ಮೋಟಾರಿನ ಲೆಕ್ಕ ಬೇರೆ. ಈ ಬಾವಿಯಲ್ಲಿ ನೀರೆಳೆಯುವ ಪೈಪಿನ ಕೆಳತುದಿಯ ಫುಟ್ ವಾಲ್ವ್ ತಳದಿಂದ 45 ಸೆಂಟಿಮೀಟರ್ ಮೇಲಿದೆ. ಅದರ ಮೇಲೆ ಕನಿಷ್ಠ 30 ಸೆಂಟಿಮೀಟರ್ ನೀರು ನಿಲ್ಲದಿದ್ದರೆ ಪೈಪು ಗಾಳಿ ಎಳೆಯಲು ತೊಡಗುತ್ತದೆ. ಎಂದರೆ ತಳದ 75 ಸೆಂಟಿಮೀಟರ್ ನೀರು ಮೋಟಾರಿಗೆ ಸಿಗುವುದಿಲ್ಲ. ಅಲ್ಲಿ ವ್ಯಾಸ 1.80 ಇರುವುದರಿಂದ ಅದು ಸುಮಾರು 1,900 ಲೀಟರ್. ಆ ದಿನ ಮೋಟಾರಿನಿಂದ ಎತ್ತಬಹುದಾದದ್ದು 12,300 ಲೀಟರ್.

ಒಂದು ಮಾತು ಸ್ಪಷ್ಟವಾಗಿರಲಿ. ಇದು ಆ ಹೊತ್ತಿಗೆ ನಿಂತಿರುವ ನೀರು, ಬಾವಿ ದಿನಕ್ಕೆ ಕೊಡುವ ನೀರಲ್ಲ. 20 ನಿಮಿಷಕ್ಕೆ 3 ಸೆಂಟಿಮೀಟರ್ ಏರುವ ಒರತೆ ಗಂಟೆಗೆ ಸುಮಾರು 500 ಲೀಟರ್ ಕೊಡುತ್ತದೆ ಎಂದು ಏಳನೆಯ ಹಂತದಿಂದ ತಿಳಿಯುತ್ತದೆ, ಆದರೆ ಅದು ಮಳೆ ನಿಂತ ಕಾಲದ ಒರತೆ. ಮೇ ತಿಂಗಳಿಗೆ ಅದೇ ಅಂಕಿಯನ್ನು ಒಯ್ಯಬಾರದು, ಆಗ ಮತ್ತೆ ಅಳೆಯಬೇಕು.

ಪ್ರತಿಸಲ ಗುಣಿಸುವ ಬದಲು ಒಂದು ಸಣ್ಣ ಕೋಷ್ಟಕವನ್ನು ಕಟ್ಟೆಯ ಒಳಬದಿಗೆ ಬಣ್ಣದಲ್ಲಿ ಬರೆದಿಡಬಹುದು. ಫೋಂಡಾದವರು ಹಾಗೆ ಮಾಡಿದ್ದಾರೆ: ಅಡ್ಡಪಟ್ಟಿಯಿಂದ ನೀರಿಗೆ 6.45 ಮೀಟರ್ ಇದ್ದರೆ 14,200 ಲೀಟರ್. ಅಲ್ಲಿಂದ 8.40ರವರೆಗೆ ಇಳಿದ ಪ್ರತಿ ಸೆಂಟಿಮೀಟರಿಗೆ 57 ಲೀಟರ್ ಕಳೆಯಬೇಕು, ಅದಕ್ಕಿಂತ ಕೆಳಗೆ ಪ್ರತಿ ಸೆಂಟಿಮೀಟರಿಗೆ 25 ಲೀಟರ್.

ಅವರು 8.40ರ ಅಂಕಿಯನ್ನು ಕೆಂಪು ಬಣ್ಣದಲ್ಲಿ ಬರೆದಿದ್ದಾರೆ. ಅಲ್ಲಿಗೆ ನೀರು ಇಳಿದಾಗ ನಡುಬಾವಿಯಲ್ಲಿ ಇನ್ನೂ 1.20 ಮೀಟರ್ ಆಳದ ನೀರು ಕಾಣುತ್ತಿರುತ್ತದೆ, ಆದರೆ ಬಾವಿಯಲ್ಲಿರುವುದು 3,050 ಲೀಟರ್, ಮೋಟಾರಿಗೆ ಸಿಗುವುದು 1,150. ಒಂದು ಟ್ಯಾಂಕು ತುಂಬುವಷ್ಟರಲ್ಲಿ ಮಟ್ಟ 40 ಸೆಂಟಿಮೀಟರ್ ಇಳಿದು ಫುಟ್ ವಾಲ್ವ್ ಹತ್ತಿರ ಬಂದಿರುತ್ತದೆ. ಆದ್ದರಿಂದ ಕೆಂಪು ಅಂಕಿ ಬಂದ ದಿನದಿಂದ ಮೋಟಾರು ಹಾಕಿದವರು ಟ್ಯಾಂಕು ತುಂಬುವವರೆಗೆ ಕಟ್ಟೆಯ ಬಳಿಯೇ ನಿಲ್ಲಬೇಕು.